ಗಿರಾಕಿಯ ಮೌನಕ್ಕೆ ಅರ್ಥವೇನು?

ತುಂಬ ದಿನ ಆಯ್ತು ಇಲ್ಲಿ ಏನೂ ಬರೆದು. ಆಫೀಸಿನ ಗಲಾಟೆ ಅಂತ ಹೇಳಿದರೆ ಎಲ್ಲರೂ ಹೇಳುವ ನೆಪವೇ ಆಗುತ್ತೆ, ಆದರೆ ಈ ಸಲ ಬರೆಯೋಕೆ ವಿಷಯ ಸಿಕ್ಕಿದ್ದೂ ಆ ಗಲಾಟೆಯಿಂದಲೇ. ಸ್ವಲ್ಪ ಉದ್ದ ಇದೆ, ಕಾಫಿ ಹಿಡಕೊಂಡು ಕೂತ್ಕೊಳ್ಳಿ.

ನಾನು ಕೆಲಸ ಮಾಡೋದು ಬೆಂಗಳೂರಿನಲ್ಲಿ ಕೂತು ಅಮೆರಿಕದ ಒಂದು ಅಂಗಡಿಯ ಆರ್ಡರ್ ವ್ಯವಸ್ಥೆ ನೋಡಿಕೊಳ್ಳುವ ತಂಡದಲ್ಲಿ. ಅಂಗಡಿಯ ಹೆಸರು ಬೇಡ. ಮೇಜು, ಮಂಚ, ಮಕ್ಕಳ ತೊಟ್ಟಿಲು ಇಂಥವನ್ನು ವೆಬ್‌ಸೈಟಿನಲ್ಲಿ ಮಾರ್ತಾರೆ. ಸರಕು ತಡವಾದರೆ ಗಿರಾಕಿಗೆ ತಾನಾಗಿ ಒಂದು ಮೇಲ್ ಹೋಗಬೇಕು. ಆ ಮೇಲಿನ ಒಕ್ಕಣೆ ಮತ್ತು ಅದನ್ನು ಕಳಿಸುವ ಕೋಡ್ ಎರಡೂ ನನ್ನ ಪಾಲಿಗೆ ಬಂದಿತ್ತು. "ನಿಮ್ಮ ತಾಳ್ಮೆಗೆ ಧನ್ಯವಾದ, ನಿಮ್ಮ ಆರ್ಡರ್ ಸ್ವಲ್ಪ ತಡವಾಗುತ್ತಿದೆ, ಹೊಸ ದಿನಾಂಕ ಇದು" ಅಂತ ಬರೆದೆ. ಕೆಳಗೆ ಆರ್ಡರ್ ರದ್ದು ಮಾಡುವ ಲಿಂಕು. ಟೆಸ್ಟ್ ಪಾಸಾಯ್ತು, ಎಲ್ಲರೂ ಚೆನ್ನಾಗಿದೆ ಅಂದ್ರು. ನಾನೂ ಮರೆತೆ.

ಆರು ತಿಂಗಳ ಮೇಲೆ ಒಂದು ದೂರು ನನ್ನ ಹತ್ತಿರ ಬಂತು. ಯಾರೋ ಒಬ್ಬ ಹೆಂಗಸು, ಹುಟ್ಟಲಿರುವ ಮೊಮ್ಮಗುವಿಗೆ ಅಂತ ತೊಟ್ಟಿಲಿಗೆ ದುಡ್ಡು ಕಟ್ಟಿದ್ದಾರೆ. ಎರಡು ವಾರದಲ್ಲಿ ಕಳಿಸ್ತೀವಿ ಅಂದಿದ್ದು ಮೂರು ವಾರ ಮುಂದಕ್ಕೆ ಹೋಗಿದೆ. ಆಮೇಲೆ ಮತ್ತೆ ಮುಂದಕ್ಕೆ, ಮತ್ತೂ ಒಂದು ಸಲ ಮುಂದಕ್ಕೆ. ಮೂರು ಸಲವೂ ನನ್ನದೇ ಮೇಲು, "ನಿಮ್ಮ ತಾಳ್ಮೆಗೆ ಧನ್ಯವಾದ". ಆಕೆ ಒಂದಕ್ಕೂ ಉತ್ತರ ಕೊಟ್ಟಿಲ್ಲ, ಲಿಂಕೂ ಒತ್ತಿಲ್ಲ. ನನ್ನ ಕೋಡು ಅದನ್ನು ಒಪ್ಪಿಗೆ ಅಂತ ತಿಳಕೊಂಡು ಆರ್ಡರನ್ನು ಹಾಗೇ ಇಟ್ಟುಕೊಂಡಿದೆ, ದುಡ್ಡನ್ನೂ. ಮಗು ಹುಟ್ಟಿ ಅದಕ್ಕೆ ಒಂದು ತಿಂಗಳಾದ ಮೇಲೆ ಆಕೆ ಬರೆದ ಪತ್ರ ನಾನು ಓದಿದ್ದು. ಅದರಲ್ಲಿ ಬೈಗುಳ ಇರಲಿಲ್ಲ. ಬೈದಿದ್ದರೆ ಚೆನ್ನಾಗಿರ್ತಿತ್ತು.

ನಮ್ಮ ಲೀಡ್ ಅದನ್ನು ನೋಡಿ ಒಂದೇ ಮಾತು ಕೇಳಿದರು. "ಎರಡನೇ ಸಲ ತಡ ಆದಾಗ ಗಿರಾಕಿ ಏನೂ ಹೇಳದೇ ಇದ್ರೆ ಏನಾಗತ್ತಪ್ಪಾ ನಿನ್ನ ಕೋಡಲ್ಲಿ?" ನಾನು "ಆರ್ಡರ್ ಮುಂದುವರೀತದೆ ಸಾರ್" ಅಂದೆ. ಅವರು "ಯಾಕೆ ಹಾಗೆ ಅಂತ ಬರೆದೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾವುದೋ ಒಂದು ಡಿಫಾಲ್ಟ್ ಇರಬೇಕಲ್ಲ, ಅದನ್ನಿಟ್ಟೆ, ಅಷ್ಟೇ.

ಆ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ಗೊತ್ತಾಗಿದ್ದು, ಇದನ್ನು ಯಾರೋ ಸುಮಾರು ಐವತ್ತು ವರ್ಷದ ಹಿಂದೆಯೇ ಕೂತು ಯೋಚಿಸಿ, ಬರೆದು, ಕಾನೂನು ಮಾಡಿ ಇಟ್ಟಿದ್ದಾರೆ ಅಂತ. ಆ ಕಥೆಯನ್ನೇ ಇವತ್ತು ಹೇಳ್ತೀನಿ.

ಮೊದಲು 1975ಕ್ಕೆ ಹೋಗೋಣ. ನಮ್ಮ ಜಾತಿಯವರಿಗೆಲ್ಲ (ಕಂಪ್ಯೂಟರ್ ಜಾತಿ ಸ್ವಾಮೀ :-) ) ಗೊತ್ತಿರುವ ವರ್ಷ ಅದು. ಆ ಜನವರಿಯ ಪಾಪ್ಯುಲರ್ ಎಲೆಕ್ಟ್ರಾನಿಕ್ಸ್ ಪತ್ರಿಕೆಯ ಮುಖಪುಟದಲ್ಲಿ ಆಲ್ಟೇರ್ 8800 ಅನ್ನುವ ಪೆಟ್ಟಿಗೆಯ ಚಿತ್ರ ಬಂತು. ಮನೆಯಲ್ಲೇ ಜೋಡಿಸಿಕೊಳ್ಳಬಹುದಾದ ಕಂಪ್ಯೂಟರು, ನಾನೂರು ಡಾಲರಿಗೂ ಒಳಗೆ. ಮಾಡ್ತಿದ್ದಿದ್ದು ನ್ಯೂ ಮೆಕ್ಸಿಕೋದ ಆಲ್ಬುಕರ್ಕಿ ಊರಿನ ಎಂಐಟಿಎಸ್ ಅನ್ನುವ ಸಣ್ಣ ಕಂಪನಿ, ಅದರ ಯಜಮಾನ ಎಡ್ ರಾಬರ್ಟ್ಸ್. ಕೆಲವು ನೂರು ಹೋದರೆ ಸಾಕು ಅಂದುಕೊಂಡಿದ್ದವರಿಗೆ ಸಾವಿರಗಟ್ಟಲೆ ಆರ್ಡರು ಬಂತು, ಚೆಕ್ಕುಗಳ ಸಮೇತ. ಪೆಟ್ಟಿಗೆ ಮಾತ್ರ ತಯಾರಿರಲಿಲ್ಲ. ದುಡ್ಡು ಕಳಿಸಿದವರು ತಿಂಗಳುಗಟ್ಟಲೆ ಕಾದರು. ಸ್ಟೀವ್ ಡೊಂಪಿಯರ್ ಅನ್ನುವ ಕ್ಯಾಲಿಫೋರ್ನಿಯಾದ ಹುಡುಗ ತನ್ನ ಆರ್ಡರು ಏನಾಯ್ತು ಅಂತ ನೋಡೋಕೆ ಅಲ್ಲಿಂದ ಆಲ್ಬುಕರ್ಕಿಗೇ ಹೋದ. ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ಬಿನಲ್ಲಿ ಅವನು ಬಂದು ಅಲ್ಲಿನ ಸುದ್ದಿ ಹೇಳಿದ್ದು ಆ ಕಾಲದ ಕಥೆಗಳಲ್ಲಿ ಇವತ್ತಿಗೂ ಬರುತ್ತೆ.

ನಾವು ಇದನ್ನು ಓದುವಾಗ ಎಂಥ ಉತ್ಸಾಹ ಅಂತ ಖುಷಿಪಡ್ತೀವಿ. ನಾನೂ ಇಂಜಿನಿಯರಿಂಗ್ ಓದುವಾಗ ಹಾಗೇ ಓದಿದ್ದೆ. ತೊಟ್ಟಿಲಿನ ಪತ್ರ ಓದಿದ ಮೇಲೆ ಬೇರೆ ಥರ ಕಾಣ್ತಿದೆ. ದುಡ್ಡು ಕಳಿಸಿದವನಿಗೆ ತನ್ನ ಸರಕಿನ ಗತಿ ತಿಳಿಯೋಕೆ ಇದ್ದ ಖಾತ್ರಿಯಾದ ದಾರಿ ಅಂದ್ರೆ ಅಂಗಡಿ ಇರುವ ಊರಿಗೇ ಹೋಗಿ ಬಾಗಿಲು ತಟ್ಟೋದು!

ಆಲ್ಟೇರ್ ಮಂದಿ ಮೋಸಗಾರರಲ್ಲ, ಸರಕು ಕೊನೆಗೂ ಬಂತು. ಆದರೆ ಆಗಿನ ಅಮೆರಿಕದಲ್ಲಿ ಅಂಚೆ ವ್ಯಾಪಾರ ಅಂದರೆ ಜಾಹೀರಾತು ನೋಡಿ, ಕೂಪನ್ ಕತ್ತರಿಸಿ, ಚೆಕ್ಕು ಸೇರಿಸಿ ಲಕೋಟೆ ಹಾಕೋದು. ಆಮೇಲೆ ಕಾಯೋದು. ಬರದಿದ್ದರೆ ಕಾಗದ ಬರೆಯೋದು. ಅದಕ್ಕೆ ಉತ್ತರ ಬರದಿದ್ದರೆ ಮತ್ತೆ ಕಾಯೋದು. ಈ ಬಗೆಯ ದೂರುಗಳು ಗುಡ್ಡೆ ಬಿದ್ದಿದ್ದವು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆಲ್ಟೇರಿಗೂ ಮುಂಚಿನಿಂದ ಇದರ ಮೇಲೆ ಕೂತಿತ್ತು. 1975ರ ಅಕ್ಟೋಬರಿನಲ್ಲಿ ಅದು ಅಂಚೆ ವ್ಯಾಪಾರದ ನಿಯಮವನ್ನು ಹೊರಡಿಸಿತು, 1976ರ ಫೆಬ್ರವರಿ 2ರಿಂದ ಜಾರಿಗೆ ಬಂತು.

ಕಾನೂನಿನ ಪಠ್ಯ ಓದೋದು ನನಗೆ ಯಾವತ್ತೂ ಬೇಸರದ ಕೆಲಸ. ಇದನ್ನು ಮಾತ್ರ ಒಂದೇ ರಾತ್ರಿ ಓದಿ ಮುಗಿಸಿದೆ, ಯಾಕಂದ್ರೆ ಇದು ಪೂರ್ತಿ ಒಂದು ಸ್ಟೇಟ್ ಮಷೀನು. ಯಾವ ಸ್ಥಿತಿಯಲ್ಲಿ ಯಾವ ಘಟನೆ ಆದರೆ ಏನಾಗಬೇಕು ಅಂತ ಸಾಲಾಗಿ ಹೇಳ್ಕೊಂಡು ಹೋಗುತ್ತೆ.

ಮೊದಲನೇ ಮಾತು. ಜಾಹೀರಾತಿನಲ್ಲಿ ಇಷ್ಟು ದಿನದಲ್ಲಿ ಕಳಿಸ್ತೀವಿ ಅಂತ ಹೇಳಿದ್ದರೆ ಅಷ್ಟರೊಳಗೆ ಕಳಿಸ್ತೀವಿ ಅನ್ನೋಕೆ ಅಂಗಡಿಯವನ ಹತ್ತಿರ ನ್ಯಾಯವಾದ ಆಧಾರ ಇರಬೇಕು. ಏನೂ ಹೇಳದೆ ಇದ್ದರೆ, ಆರ್ಡರ್ ಸರಿಯಾಗಿ ಕೈಸೇರಿದ ದಿನದಿಂದ 30 ದಿನ ಅಂತ ಲೆಕ್ಕ. ಇಲ್ಲಿ ಗಮನಿಸಬೇಕಾದ್ದು, ನಿಯಮ ಮಾತಾಡೋದು ಅಂಗಡಿಯಿಂದ ಸರಕು ಹೊರಡುವ ದಿನದ ಬಗ್ಗೆ, ನಿಮ್ಮ ಮನೆಗೆ ಮುಟ್ಟುವ ದಿನದ ಬಗ್ಗೆ ಅಲ್ಲ. ನಾವು ಡೆಲಿವರಿ ತಡ ಅಂತ ಒಟ್ಟಿಗೆ ಹೇಳಿಬಿಡ್ತೀವಿ. ಲೆಕ್ಕ ಹಾಕುವಾಗ ಇವೆರಡನ್ನೂ ಕಲಸಿದರೆ ಇಡೀ ಲೆಕ್ಕ ತಪ್ಪುತ್ತೆ.

ಎರಡನೇ ಮಾತು. ಹೇಳಿದ ದಿನಕ್ಕೆ ಆಗೋಲ್ಲ ಅಂತ ಗೊತ್ತಾದರೆ, ಗಿರಾಕಿ ಕೇಳುವ ತನಕ ಕಾಯದೆ ಅಂಗಡಿಯವನೇ ತಿಳಿಸಬೇಕು. ಅದೂ ಆ ದಿನ ದಾಟುವುದರ ಒಳಗೆ. ತಿಳಿಸುವಾಗ ಹೊಸ ದಿನಾಂಕ ಕೊಡಬೇಕು. ಜತೆಗೆ "ಬೇಕಾದರೆ ಕಾಯಿರಿ, ಬೇಡವಾದರೆ ರದ್ದು ಮಾಡಿ ದುಡ್ಡು ವಾಪಸ್ ತಗೊಳ್ಳಿ" ಅಂತ ಕಣ್ಣಿಗೆ ಕಾಣುವ ಹಾಗೆ ಆಯ್ಕೆ ಕೊಡಬೇಕು. ಉತ್ತರ ಕೊಡೋಕೆ ಗಿರಾಕಿಗೆ ಒಂದು ಕಾಸೂ ಖರ್ಚಾಗಬಾರದು. 1976ರಲ್ಲಿ ಅಂದರೆ ಅಂಗಡಿಯವನೇ ಅಂಚೆ ವೆಚ್ಚ ಭರಿಸಿದ ಒಂದು ಕಾರ್ಡು. ಟಿಕ್ ಹಾಕಿ ಡಬ್ಬಿಗೆ ಹಾಕಿದರೆ ಮುಗೀತು. ನನ್ನ ಮೇಲಿನ ಲಿಂಕಿನ ಮುತ್ತಜ್ಜ ಆ ಕಾರ್ಡು.

ಈಗ ನಮ್ಮ ಲೀಡ್ ಕೇಳಿದ ಪ್ರಶ್ನೆ. ಕಾರ್ಡು ವಾಪಸ್ ಬರಲೇ ಇಲ್ಲ, ಆಗ?

ಸ್ವಲ್ಪ ಯೋಚಿಸಿ ನೋಡಿ, ಇದು ಸುಲಭದ್ದಲ್ಲ. ಹೆಚ್ಚಿನ ಜನ ಇಂಥ ಕಾರ್ಡಿಗೆ ಉತ್ತರ ಹಾಕೋಲ್ಲ. ನಾನೂ ಹಾಕೋಲ್ಲ, ನೀವೂ ಹಾಕೋಲ್ಲ. ಸುಮ್ಮನಿದ್ದರೆ ರದ್ದು ಅಂತ ಇಟ್ಟರೆ, ನಾಲ್ಕು ದಿನ ತಡವಾದ ಅಂಗಿಗೂ ಆರ್ಡರ್ ಬಿದ್ದುಹೋಗುತ್ತೆ. ಗಿರಾಕಿಗೆ ಅಂಗಿ ಬೇಕಾಗಿತ್ತು, ಅಂಗಡಿಯವನು ಮಾರೋಕೆ ಸಿದ್ಧ ಇದ್ದ, ಮಧ್ಯೆ ಕಾನೂನು ಇಬ್ಬರಿಗೂ ಕಲ್ಲು ಹಾಕಿತು. ಸುಮ್ಮನಿದ್ದರೆ ಒಪ್ಪಿಗೆ ಅಂತ ಇಟ್ಟರೆ, ನನ್ನ ಕೋಡು ಮಾಡಿದ್ದೇ ಆಗುತ್ತೆ. ತಿಂಗಳಿಗೊಂದು ಸಭ್ಯವಾದ ಪತ್ರ ಹಾಕ್ತಾ ಊರವರ ದುಡ್ಡನ್ನು ಬಡ್ಡಿಯಿಲ್ಲದೆ ಇಟ್ಟುಕೊಂಡು ಕೂರಬಹುದು.

ಅವರು ಮಾಡಿದ್ದು ಏನು ಅಂದರೆ, ಮೌನದ ಅರ್ಥವನ್ನೇ ನಡುವೆ ತಿರುಗಿಸಿದರು. ಮೊದಲನೇ ಸಲದ ತಡ, ಅದೂ 30 ದಿನ ಅಥವಾ ಅದಕ್ಕಿಂತ ಕಡಿಮೆ, ಹೊಸ ದಿನಾಂಕ ಖಚಿತವಾಗಿದೆ: ಆಗ ಸುಮ್ಮನಿದ್ದರೆ ಒಪ್ಪಿಗೆ. ತಡ 30 ದಿನಕ್ಕಿಂತ ಹೆಚ್ಚು, ಅಥವಾ ಯಾವಾಗ ಅಂತ ಹೇಳೋಕೇ ಆಗೋಲ್ಲ, ಅಥವಾ ಇದು ಎರಡನೇ ಸಲದ ಮುಂದೂಡಿಕೆ: ಆಗ ಸುಮ್ಮನಿದ್ದರೆ ರದ್ದು. ಗಿರಾಕಿ ಬಾಯಿಬಿಟ್ಟು "ಕಾಯ್ತೀನಿ" ಅಂದರೆ ಮಾತ್ರ ಆರ್ಡರು ಉಳಿಯುತ್ತೆ. ಕೋಡಿನಲ್ಲಿ ಬರೆದರೆ ಇಷ್ಟೇ ಇಷ್ಟು:

```
if first_notice and date_known and delay_days <= 30:
    on_no_reply = "KEEP"
else:
    on_no_reply = "CANCEL_AND_REFUND"
```

ಒಂದು ಉದಾಹರಣೆ ಹಾಕಿ ನೋಡೋಣ, ಇಲ್ಲದಿದ್ದರೆ ಇದು ತಲೆಯಲ್ಲಿ ನಿಲ್ಲೋಲ್ಲ. ಮಾರ್ಚ್ 1ಕ್ಕೆ ಆರ್ಡರು ಅಂಗಡಿಗೆ ಮುಟ್ಟಿತು ಅಂತಿಟ್ಟುಕೊಳ್ಳಿ. ಎಷ್ಟು ದಿನ ಅಂತ ಎಲ್ಲೂ ಹೇಳಿಲ್ಲ, ಹಾಗಾಗಿ 30 ದಿನ, ಅಂದರೆ ಮಾರ್ಚ್ 31ರೊಳಗೆ ಕಳಿಸಬೇಕು. ಮಾರ್ಚ್ 20ಕ್ಕೆ ಕಾರ್ಖಾನೆಯವನು ಫೋನ್ ಮಾಡಿ ಮರ ಬಂದಿಲ್ಲ, ಏಪ್ರಿಲ್ 20ಕ್ಕೆ ಕೊಡ್ತೀನಿ ಅಂದ. ತಡ 20 ದಿನ. ಅಂಗಡಿಯವನು ಮಾರ್ಚ್ 31ರ ತನಕ ಎಳೆಯದೆ ಆಗಲೇ ಪತ್ರ ಹಾಕಬೇಕು. ಗಿರಾಕಿ ಸುಮ್ಮನಿದ್ದಳು, ಸರಿ, ಏಪ್ರಿಲ್ 20ರ ತನಕ ಆರ್ಡರು ಊರ್ಜಿತ. ಆದರೂ ಸರಕು ಹೊರಡುವ ತನಕ ಯಾವತ್ತು ಬೇಕಾದರೂ ಬೇಡ ಅನ್ನುವ ಹಕ್ಕು ಅವಳಿಗಿದೆ.

ಏಪ್ರಿಲ್ 15ಕ್ಕೆ ಕಾರ್ಖಾನೆಯವನು ಮತ್ತೆ ರಾಗ ಎಳೆದ, ಮೇ 25 ಅಂತ. ಈಗ ಎರಡನೇ ಪತ್ರ. ಇದರಲ್ಲಿ ಮಾತು ತಿರುಗಬೇಕು. "ನೀವು ಏಪ್ರಿಲ್ 20ರೊಳಗೆ ಒಪ್ಪಿಗೆ ತಿಳಿಸದಿದ್ದರೆ ಆರ್ಡರ್ ರದ್ದಾಗಿ ದುಡ್ಡು ವಾಪಸ್ ಬರುತ್ತೆ" ಅಂತ. ಗಿರಾಕಿ ಮತ್ತೆ ಸುಮ್ಮನಿದ್ದಳು. ಏಪ್ರಿಲ್ 20 ದಾಟಿತು, ಆರ್ಡರ್ ಸತ್ತಿತು. ಚೆಕ್ಕಿನಲ್ಲಿ ಕಟ್ಟಿದ್ದರೆ ಏಳು ಕೆಲಸದ ದಿನದೊಳಗೆ ದುಡ್ಡು ಹೊರಡಬೇಕು. ಅದರ ಬದಲು ಮುಂದಿನ ಖರೀದಿಗೆ ಕೂಪನ್ ಕೊಡ್ತೀವಿ ಅನ್ನೋ ಹಾಗಿಲ್ಲ.

ಇನ್ನೊಂದು ದಾರಿ ನೋಡಿ. ಕಾರ್ಖಾನೆಯವನು ಮಾರ್ಚ್ 20ಕ್ಕೇ ಮೇ 15 ಅಂದಿದ್ದರೆ? ತಡ 45 ದಿನ, 30ರ ಗೆರೆ ದಾಟಿತು. ಮೊದಲನೇ ಪತ್ರದಲ್ಲೇ ಮೌನ ಅಂದರೆ ರದ್ದು. ಆದರೆ ತಕ್ಷಣ ಅಲ್ಲ, ಮೂಲ ದಿನವಾದ ಮಾರ್ಚ್ 31ರಿಂದ ಇನ್ನೂ 30 ದಿನ, ಏಪ್ರಿಲ್ 30ರ ತನಕ ಕಾಲ ಇದೆ. ಅಷ್ಟರೊಳಗೆ ಹೇಗೋ ಸರಕು ಸಿಕ್ಕಿ ಕಳಿಸಿಬಿಟ್ಟರೆ ಪಾಸು. ಇಲ್ಲ, ಗಿರಾಕಿ ಒಪ್ಪಿ ಉತ್ತರ ಹಾಕಿದರೂ ಪಾಸು. ಎರಡೂ ಆಗದಿದ್ದರೆ ದುಡ್ಡು ವಾಪಸ್.

ಮೊದಲ ಓದಿಗೆ ನನಗೆ ಅಂಗಡಿಯವನ ಮೇಲೇ ಅನುಕಂಪ ಬಂತು, ಸುಳ್ಳು ಹೇಳೋಲ್ಲ. ಆಮೇಲೆ ಅನಿಸಿದ್ದು, ಇಲ್ಲಿ ಅವನಿಗೂ ನ್ಯಾಯ ಇದೆ. ಒಂದು ತಪ್ಪು ಅಂದಾಜಿಗೆ ಮಾಫಿ ಇದೆ. ಎರಡನೇ ಸಲ ತಪ್ಪಿದವನ ಅಂದಾಜನ್ನು ಗಿರಾಕಿ ಮೌನವಾಗಿ ನಂಬಿದಳು ಅಂತ ಊಹಿಸೋಕೆ ಕಾರಣ ಇಲ್ಲ, ಅಷ್ಟೇ.

ನಿಯಮ ಕೆಲವು ವಸ್ತುಗಳನ್ನು ಹೊರಗಿಟ್ಟಿದೆ. ಬೀಜ ಮತ್ತು ಸಸಿಗಳು ಅದರಲ್ಲಿ ಒಂದು. ಸಸಿ ಕಳಿಸೋಕೆ ಕಾಲ ನೋಡಬೇಕಾಗುತ್ತೆ, ಹಾಗಾಗಿ ಅರ್ಥವಾಗುತ್ತೆ. ನನಗೆ ಹಿಡಿಸಿದ್ದು ಇನ್ನೊಂದು: ಸರಕು ಬಂದಾಗ ದುಡ್ಡು ಕೊಡುವ ವ್ಯಾಪಾರಕ್ಕೆ ಈ ನಿಯಮ ಇಲ್ಲ. ಇದನ್ನು ಓದಿದಾಗ ನಮ್ಮ ವಿ.ಪಿ.ಪಿ. ನೆನಪಾಯ್ತು. ನಮ್ಮಜ್ಜ ಪಂಚಾಂಗ, ಪುಸ್ತಕ, ಒಂದು ಸಲ ಟಾರ್ಚು ಕೂಡ ವಿ.ಪಿ.ಪಿ.ಯಲ್ಲಿ ತರಿಸಿದ್ದರಂತೆ. ಪೋಸ್ಟ್‌ಮ್ಯಾನ್ ಬಾಗಿಲಿಗೆ ಬಂದು ಪೊಟ್ಟಣ ತೋರಿಸಿದ ಮೇಲೆ ದುಡ್ಡು. ತಡವಾದರೆ ಕಾದದ್ದೊಂದೇ ನಷ್ಟ. ಅಲ್ಲಿ ಗಿರಾಕಿಯ ಮೌನಕ್ಕೆ ಬೆಲೆಯೇ ಇಲ್ಲ, ಯಾಕಂದ್ರೆ ದುಡ್ಡು ಇನ್ನೂ ಅವನ ಜೇಬಿನಲ್ಲೇ ಇದೆ. ಇಡೀ ತಕರಾರು ಹುಟ್ಟೋದು ದುಡ್ಡು ಮುಂಚೆ ಹೋದಾಗ. (ಬಜಾಜ್ ಚೇತಕ್‌ಗೆ ಮುಂಗಡ ಕಟ್ಟಿ ವರ್ಷಗಟ್ಟಲೆ ಕಾದವರ ಮನೆಯವರು ಇದನ್ನು ಓದ್ತಿದ್ದರೆ ನಗಬಹುದು.)

ನಿಯಮ ಬಂದ ಕೂಡಲೇ ಎಲ್ಲ ಸರಿಹೋಯ್ತಾ? ಇಲ್ಲ. ಅದಕ್ಕೆ ಬಿದ್ದ ದೊಡ್ಡ ಗುದ್ದಾಟ ಜೋಸೆಫ್ ಶುಗರ್‌ಮನ್‌ದು. ಶಿಕಾಗೋ ಹತ್ತಿರ ಜೆಎಸ್ ಅಂಡ್ ಎ ಅನ್ನುವ ಅಂಚೆ ವ್ಯಾಪಾರದ ಕಂಪನಿ ನಡೆಸ್ತಿದ್ದ, ಕ್ಯಾಲ್ಕುಲೇಟರು, ಡಿಜಿಟಲ್ ವಾಚು ಇಂಥವನ್ನು ಉದ್ದುದ್ದ ಜಾಹೀರಾತು ಬರೆದು ಮಾರುವುದರಲ್ಲಿ ಎತ್ತಿದ ಕೈ. ಜಾಹೀರಾತು ಬರೆಯುವವರು ಈಗಲೂ ಅವನ ಹೆಸರು ಹೇಳ್ತಾರೆ. 1979ರ ಚಳಿಗಾಲದಲ್ಲಿ ಶಿಕಾಗೋದಲ್ಲಿ ಭಯಂಕರ ಹಿಮ ಬಿತ್ತು. ಅದೇ ಹೊತ್ತಿಗೆ ತನ್ನ ಕಂಪ್ಯೂಟರ್ ವ್ಯವಸ್ಥೆಯೂ ಕೈಕೊಟ್ಟಿತು, ಆರ್ಡರುಗಳು ತಡವಾದವು ಅನ್ನೋದು ಅವನ ವಾದ. ಕಮಿಷನ್ ನಿಯಮ ಮುರಿದಿದ್ದೀಯ ಅಂತ ಬೆನ್ನು ಹತ್ತಿತು. ಶುಗರ್‌ಮನ್ ದಂಡ ಕಟ್ಟಿ ಸುಮ್ಮನಾಗುವ ಬದಲು ಕಮಿಷನ್ನಿನ ವಿರುದ್ಧವೇ ಜಾಹೀರಾತು ಹಾಕಿದ, ಪುಸ್ತಿಕೆ ಹಂಚಿದ. ಕೋರ್ಟಿನ ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು.

ಪ್ರೋಗ್ರಾಮರ್ ಆಗಿ ನನಗೆ ಶುಗರ್‌ಮನ್ ಮೇಲೆ ಅರ್ಧ ಕನಿಕರ. ಸಿಸ್ಟಮ್ ಬಿದ್ದ ದಿನ ಏನಾಗುತ್ತೆ ಅಂತ ನಮಗೆ ಗೊತ್ತು. ಆದರೆ ಹಿಮ ಬಿದ್ದದ್ದು ಸರಕು ತಡವಾಗೋಕೆ ಕಾರಣ ಆದೀತು, ತಡವಾಯ್ತು ಅಂತ ಹೇಳದೆ ಇರೋಕೆ ಕಾರಣ ಆಗೋಲ್ಲ. ನಿಯಮದಲ್ಲಿ ಇನ್ನೊಂದು ಸಾಲು ಇದೆ, ನಮ್ಮಂಥವರು ಗೋಡೆಗೆ ಅಂಟಿಸಿಕೊಳ್ಳಬೇಕಾದ್ದು. ಪತ್ರ ಕಳಿಸುವ, ಉತ್ತರ ಬರೆದುಕೊಳ್ಳುವ ವ್ಯವಸ್ಥೆ ಇತ್ತು ಅಂತ ತೋರಿಸುವ ದಾಖಲೆ ಅಂಗಡಿಯವನ ಹತ್ತಿರ ಇಲ್ಲದಿದ್ದರೆ, ಅವನು ನಿಯಮ ಪಾಲಿಸಿಲ್ಲ ಅಂತಲೇ ಮೊದಲು ಊಹಿಸಲಾಗುತ್ತೆ. ಅಲ್ಲ ಅಂತ ಸಾಬೀತು ಮಾಡೋದು ಅವನ ಕೆಲಸ. ಅಂದರೆ ಲಾಗ್ ಇಲ್ಲದಿದ್ದರೆ ಕಳಿಸೇ ಇಲ್ಲ ಅಂತ ಅರ್ಥ. ಮೌನಕ್ಕೆ ಇಲ್ಲೂ ಒಂದು ಡಿಫಾಲ್ಟ್ ಇಟ್ಟಿದ್ದಾರೆ ನೋಡಿ, ಈ ಸಲ ಅಂಗಡಿಯವನ ಮೌನಕ್ಕೆ.

ಅಲ್ಲಿಂದ ನೆಗೆದು 1999ಕ್ಕೆ ಬರೋಣ. ಅಂಚೆಯ ಕೂಪನ್ ಹೋಗಿ ವೆಬ್‌ಸೈಟು ಬಂದಿತ್ತು. ಅಮೆರಿಕದಲ್ಲಿ ಜನ ಮೊದಲ ಸಲ ದೊಡ್ಡ ಪ್ರಮಾಣದಲ್ಲಿ ಕ್ರಿಸ್‌ಮಸ್ ಉಡುಗೊರೆಗಳನ್ನು ಇಂಟರ್ನೆಟ್ಟಿನಲ್ಲಿ ಕೊಂಡರು. ವೆಬ್‌ಸೈಟುಗಳು ಆರ್ಡರ್ ತಗೊಳ್ಳೋಕೆ ಚೆನ್ನಾಗಿ ತಯಾರಾಗಿದ್ದವು, ಗೋಡೌನುಗಳು ಕಳಿಸೋಕೆ ಆಗಿರಲಿಲ್ಲ. ಎಷ್ಟೋ ಮನೆಗಳಲ್ಲಿ ಹಬ್ಬದ ಬೆಳಗ್ಗೆ ಮರದ ಕೆಳಗೆ ಆಟಿಕೆ ಇರಲಿಲ್ಲ. ಕ್ರಿಸ್‌ಮಸ್ ಉಡುಗೊರೆಗೆ ಹೊಸ ದಿನಾಂಕ ಡಿಸೆಂಬರ್ 28 ಅಂತ ಕೊಟ್ಟರೆ ಏನು ಬಂತು? ತಡವಾಗುತ್ತೆ ಅಂತ ಹತ್ತು ದಿನ ಮುಂಚೆ ಹೇಳಿದ್ದರೆ ಅಪ್ಪ ಅಮ್ಮ ಪಕ್ಕದ ಅಂಗಡಿಗೆ ಓಡಿ ಏನಾದರೂ ತಂದಿರೋರು. ಪತ್ರ ಸಕಾಲಕ್ಕೆ ಬರಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಗಲಿಲ್ಲ.

2000ದ ಜುಲೈನಲ್ಲಿ ಕಮಿಷನ್ ಏಳು ಕಂಪನಿಗಳ ಜತೆ ರಾಜಿ ಮಾಡಿಕೊಂಡಿತು. ಟಾಯ್ಸ್‌ಆರಸ್ ಡಾಟ್ ಕಾಮ್, ಕೆಬಿಕಿಡ್ಸ್, ಮೇಸೀಸ್ ಡಾಟ್ ಕಾಮ್, ಸಿಡಿನೌ ಎಲ್ಲ ಅದರಲ್ಲಿದ್ದವು. ಎಲ್ಲ ಸೇರಿ 15 ಲಕ್ಷ ಡಾಲರ್ ದಂಡ. ಆರೋಪ ಎರಡು ಬಗೆ: ತಡವಾಗುವುದನ್ನು ಸರಿಯಾಗಿ ತಿಳಿಸಲಿಲ್ಲ, ಇಲ್ಲವೇ ಆಗೋಲ್ಲ ಅಂತ ಗೊತ್ತಿದ್ದೂ ಅದೇ ದಿನಾಂಕ ಹೇಳ್ತಾ ಆರ್ಡರ್ ತಗೊಂಡರು.

ಇಲ್ಲಿ ನನಗೆ ಒಂದು ಸಂಶಯ ಬಂತು. 1975ರ ಅಂಚೆ ನಿಯಮ 1999ರ ವೆಬ್‌ಸೈಟಿಗೆ ಹೇಗೆ ಹತ್ತಿತು? ಉತ್ತರ ಸಿಕ್ಕಾಗ ಒಬ್ಬನೇ ಕೂತು ನಕ್ಕೆ. 1993ರಲ್ಲಿ ನಿಯಮಕ್ಕೆ ಟೆಲಿಫೋನ್ ಆರ್ಡರುಗಳನ್ನೂ ಸೇರಿಸಿದ್ದರು. ಸೇರಿಸುವಾಗ ಟೆಲಿಫೋನ್ ಅಂದರೆ ಮನುಷ್ಯನೇ ಮಾತಾಡಬೇಕು ಅಂತ ಬರೆಯಲಿಲ್ಲ. ನೇರವಾಗಿ ಬಳಸಲಿ, ಸುತ್ತಿ ಬಳಸಲಿ, ಮಾತಾಡೋದು ಮನುಷ್ಯನಾಗಲಿ ಯಂತ್ರವಾಗಲಿ, ಎಲ್ಲ ಸೇರಿತು ಅಂತ ಬರೆದಿದ್ದರು. ಫ್ಯಾಕ್ಸು, ಮೋಡೆಮ್ಮು ತಲೆಯಲ್ಲಿಟ್ಟುಕೊಂಡು ಬರೆದದ್ದು. 1999ರ ಇಂಟರ್ನೆಟ್ ಬರ್ತಿದ್ದಿದ್ದು ಕೀಂಯ್ ಕೀಂಯ್ ಅನ್ನುವ ಅದೇ ಫೋನ್ ತಂತಿಯಲ್ಲಿ! ಇಂಟರ್ನೆಟ್ ಅನ್ನುವ ಪದವನ್ನೇ ನೇರವಾಗಿ ನಿಯಮದಲ್ಲಿ ಸೇರಿಸಿದ್ದು 2014ರಲ್ಲಿ, ಯಾವ ತಂತಿಯಲ್ಲಿ ಬಂದರೂ ಸರಿ ಅಂತ. ಇಂಟರ್‌ಫೇಸ್ ಅಗಲವಾಗಿ ಬರೆದಿಟ್ಟರೆ ಹತ್ತಿಪ್ಪತ್ತು ವರ್ಷ ಓಡುತ್ತೆ ಅನ್ನೋದಕ್ಕೆ ಇದನ್ನು ನಮ್ಮ ತಂಡದ ಹೊಸ ಹುಡುಗರಿಗೆ ಹೇಳ್ತಿರ್ತೀನಿ.

ಆಮೇಲಿನ ಇನ್ನೊಂದು ಅಂದರೆ 2020ರ ಏಪ್ರಿಲ್. ಫ್ಯಾಷನ್ ನೋವಾ ಅನ್ನುವ ಬಟ್ಟೆ ಮಾರುವ ಕಂಪನಿ 93 ಲಕ್ಷ ಡಾಲರಿಗೆ ರಾಜಿಯಾಯ್ತು. ತಡವಾದಾಗ ತಿಳಿಸಿ ರದ್ದು ಮಾಡುವ ಅವಕಾಶ ಕೊಡಲಿಲ್ಲ, ಕಳಿಸದ ಸರಕಿಗೆ ದುಡ್ಡಿನ ಬದಲು ಗಿಫ್ಟ್ ಕಾರ್ಡ್ ಕೊಟ್ಟರು ಅನ್ನೋದು ಆರೋಪ. ಮೇಲೆ ಹೇಳಿದ ಕೂಪನ್ನಿನ ಮಾತು ಕಾಗದದ ಮೇಲಿನ ಮಾತಷ್ಟೇ ಅಲ್ಲ ಅಂತ ಆಗ ಗೊತ್ತಾಯ್ತು.

ನಮ್ಮ ದೇಶದ ಮಾತು ಕೇಳ್ತೀರಿ ಅಂತ ಗೊತ್ತು. ಅದೇ 2020ರ ಜುಲೈನಲ್ಲಿ ನಮ್ಮಲ್ಲೂ ಗ್ರಾಹಕ ಸಂರಕ್ಷಣೆ ಕಾಯ್ದೆಯಡಿ ಇ-ಕಾಮರ್ಸ್ ನಿಯಮಗಳು ಬಂದವು. ಹೇಳಿದ ದಿನಕ್ಕಿಂತ ತಡವಾಗಿ ಬಂದ ಸರಕನ್ನು ವಾಪಸ್ ತಗೊಳ್ಳೋಲ್ಲ, ದುಡ್ಡು ಕೊಡೋಲ್ಲ ಅಂತ ಮಾರುವವನು ಹೇಳುವಂತಿಲ್ಲ. ಪ್ರಕೃತಿ ವಿಕೋಪದಂಥ ಕೈಮೀರಿದ ಕಾರಣಕ್ಕೆ ತಡವಾಗಿದ್ದರೆ ಮಾತ್ರ ವಿನಾಯಿತಿ. ಇಲ್ಲಿದ್ದಿದ್ದರೆ ಶುಗರ್‌ಮನ್ ತನ್ನ ಹಿಮದ ಕಥೆ ಹೇಳಿ ನೋಡಬಹುದಿತ್ತು! ನಮ್ಮ ನಿಯಮದ ನೋಟ ಸರಕು ಕೈಗೆ ಬಂದ ಮೇಲಿನದು, ವಾಪಸ್ ಮಾಡುವ ಹಕ್ಕು. ಕಾಯ್ತಾ ಇರುವಾಗ ನನ್ನ ಮೌನಕ್ಕೆ ಏನು ಅರ್ಥ ಅನ್ನುವ ಲೆಕ್ಕಾಚಾರ ಅದರಲ್ಲಿಲ್ಲ.

ಇನ್ನು ನಮ್ಮ ತೊಟ್ಟಿಲಿನ ವಿಷಯ. ಆಕೆಗೆ ದುಡ್ಡು ವಾಪಸ್ ಹೋಯ್ತು, ಅಂಗಡಿಯವರು ಕ್ಷಮಾಪಣೆ ಪತ್ರವನ್ನೂ ಬರೆದರು. ಅದನ್ನು ಟೆಂಪ್ಲೇಟಿನಿಂದ ಕಳಿಸಬೇಡಿ, ಯಾರಾದರೂ ಕೂತು ಬರೆಯಿರಿ ಅಂತ ನಮ್ಮ ಲೀಡ್ ಹೇಳಿದ್ದರು. ನಾನು ಒಂದು ಮೇಲನ್ನು ಎರಡು ಮಾಡಿದೆ. ಮೊದಲನೆಯದರಲ್ಲಿ ಹೊಸ ದಿನಾಂಕ, ಕಾರಣ, ಲಿಂಕು, ಮತ್ತು "ನೀವು ಏನೂ ಮಾಡದಿದ್ದರೆ ಆರ್ಡರ್ ಮುಂದುವರಿಯುತ್ತದೆ" ಅನ್ನುವ ಒಂದು ಸಾಲು. ಎರಡನೆಯದರಲ್ಲಿ ಅದೇ ಜಾಗದಲ್ಲಿ "ನೀವು ಈ ದಿನದೊಳಗೆ ಒಪ್ಪದಿದ್ದರೆ ರದ್ದಾಗುತ್ತದೆ". ತಾಳ್ಮೆಗೆ ಧನ್ಯವಾದ ಅನ್ನೋದನ್ನು ಎರಡರಿಂದಲೂ ತೆಗೆದೆ. ಯಾರೂ ತಾಳ್ಮೆ ಇದೆ ಅಂತ ನಮಗೆ ಹೇಳಿರಲಿಲ್ಲವಲ್ಲ.

ಹಳೆಯ ಆರ್ಡರುಗಳಿಗೂ ಎರಡನೇ ಮೇಲನ್ನು ಕಳಿಸಿ, ಗಡುವು ಮುಗಿದ ರಾತ್ರಿ ಕೋಡು ಓಡಿಸಿದೆವು. ಬೆಳಗ್ಗೆ ನೋಡಿದರೆ ಬಾಕಿ ಆರ್ಡರುಗಳ ಪಟ್ಟಿ ಅರ್ಧಕ್ಕಿಂತ ಕಡಿಮೆ ಆಗಿತ್ತು. ಅಂಗಡಿಯ ಲೆಕ್ಕಪತ್ರದವರು ಗಾಬರಿಯಾಗಿ ಫೋನ್ ಮಾಡಿ ನಿಮ್ಮ ಕೋಡಿನಲ್ಲಿ ಏನೋ ತಪ್ಪಿದೆ ಅಂದರು. ನಮ್ಮ ಲೀಡ್ ಫೋನ್ ನನ್ನ ಕೈಗೆ ಕೊಟ್ಟು "ನೀನೇ ಹೇಳಪ್ಪಾ" ಅಂದರು. ಮಾರ್ಚ್ 1, ಮಾರ್ಚ್ 31, ಏಪ್ರಿಲ್ 20 ಅಂತ ಶುರುಮಾಡಿದೆ.